ಸಂಧಿ: ಎಸ್ಸೆಸ್ಸೆಲ್ಸಿ ಕನ್ನಡ ಪುನರಾವರ್ತನೆ

ಹತ್ತನೆಯ ತರಗತಿಯ ಮಕ್ಕಳೇ, ಅರ್ಥ ಕೆಡದಂತೆ ಎರಡು ಅಕ್ಷರಗಳು ಕಾಲವಿಳಂಬವಿಲ್ಲದೆ ಸೇರುವುದೇ ಸಂಧಿ. ಸಂಧಿಯ ಹೆಸರನ್ನು ಊಹಿಸಬೇಡಿ. ಮೊದಲು ಪದ ಬಿಡಿಸಿ, ಕೂಡುವ ಜಾಗದಲ್ಲಿ ಏನಾಯಿತೆಂದು ನೋಡಿ.

ನಮ್ಮ ಮೂರು ಜಿಲ್ಲೆಗಳ ಹೆಸರಿಗೆ ‘ಅನ್ನು’ ಸೇರಿಸಿ. ರಾಯಚೂರು+ಅನ್ನು=ರಾಯಚೂರನ್ನು; ‘ಉ’ ಬಿಟ್ಟುಹೋಯಿತು, ಲೋಪಸಂಧಿ. ಬಳ್ಳಾರಿ+ಅನ್ನು=ಬಳ್ಳಾರಿಯನ್ನು; ‘ಯ್’ ಹೊಸದಾಗಿ ಬಂತು, ಯಕಾರಾಗಮ. ಕೊಪ್ಪಳ+ಅನ್ನು=ಕೊಪ್ಪಳವನ್ನು; ಇಲ್ಲಿ ವಕಾರಾಗಮ. ಸ್ವರ ಬಿಟ್ಟರೆ ಅರ್ಥ ಕೆಡುವ ಕಡೆಯಲ್ಲೇ ಆಗಮ ಬರುವುದು. ಗುರು+ಅನ್ನು ಎಂಬುದನ್ನು ‘ಗುರನ್ನು’ ಎಂದರೆ ಗುರುವೇ ಉಳಿಯುವುದಿಲ್ಲ, ಆದ್ದರಿಂದ ‘ಗುರುವನ್ನು’.

ಆದೇಶಸಂಧಿಯಲ್ಲಿ ಉತ್ತರಪದದ ಮೊದಲಲ್ಲಿರುವ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ: ಮಳೆ+ಕಾಲ=ಮಳೆಗಾಲ, ಹುಲಿ+ತೊಗಲು=ಹುಲಿದೊಗಲು, ಕಣ್+ಪನಿ=ಕಂಬನಿ. ಅಣ್ಣಾ+ಓಡಿ ಬಾ ಎನ್ನುವಾಗ ಸಂಧಿಯೇ ಆಗುವುದಿಲ್ಲ, ಅದು ಪ್ರಕೃತಿಭಾವ.

ಇನ್ನು ಸಂಸ್ಕೃತ ಸ್ವರಸಂಧಿ. ನಮ್ಮ ಸುತ್ತಲಿನ ಹೆಸರುಗಳಲ್ಲೇ ಉದಾಹರಣೆಗಳಿವೆ. ಕನಕ+ಅಚಲ=ಕನಕಾಚಲ, ಅಂಜನ+ಅದ್ರಿ=ಅಂಜನಾದ್ರಿ: ಒಂದೇ ಜಾತಿಯ ಸ್ವರಗಳು ಕೂಡಿ ದೀರ್ಘವಾದವು, ಸವರ್ಣದೀರ್ಘ. ಗವಿಸಿದ್ಧ+ಈಶ್ವರ=ಗವಿಸಿದ್ಧೇಶ್ವರ, ಸೂರ್ಯ+ಉದಯ=ಸೂರ್ಯೋದಯ, ಸಪ್ತ+ಋಷಿ=ಸಪ್ತರ್ಷಿ: ಅಕಾರಕ್ಕೆ ಇ, ಉ, ಋ ಸೇರಿ ಏ, ಓ, ಅರ್ ಆದವು, ಗುಣಸಂಧಿ. ಏಕ+ಏಕ=ಏಕೈಕ, ವನ+ಔಷಧ=ವನೌಷಧ, ಇವು ವೃದ್ಧಿ. ಅತಿ+ಅಂತ=ಅತ್ಯಂತ, ಮನು+ಅಂತರ=ಮನ್ವಂತರ, ಪಿತೃ+ಆರ್ಜಿತ=ಪಿತ್ರಾರ್ಜಿತ: ಇ, ಉ, ಋಗಳ ಜಾಗದಲ್ಲಿ ಯ್, ವ್, ರ್ ಬಂದವು, ಯಣ್.

ವ್ಯಂಜನಸಂಧಿ ಮೂರು. ದಿಕ್+ಅಂತ=ದಿಗಂತ ಜಶ್ತ್ವ; ಶರತ್+ಚಂದ್ರ=ಶರಚ್ಚಂದ್ರ ಶ್ಚುತ್ವ; ವಾಕ್+ಮಯ=ವಾಙ್ಮಯ, ಷಟ್+ಮುಖ=ಷಣ್ಮುಖ ಅನುನಾಸಿಕ.

ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಎರಡು ಕಡೆ. ಮಳೆಗಾಲ, ದಿಗಂತ ಎರಡರಲ್ಲೂ ‘ಕ’ ಹೋಗಿ ‘ಗ’ ಬಂದಿದೆ. ಆದರೆ ಬದಲಾದದ್ದು ಎರಡನೆಯ ಪದದ ಮೊದಲ ಅಕ್ಷರವಾದರೆ ಆದೇಶ. ಮೊದಲ ಪದದ ಕೊನೆಯ ಅಕ್ಷರವಾದರೆ ಜಶ್ತ್ವ. ಇನ್ನೊಂದು, ಊರು+ಊರು=ಊರೂರು. ಉಕಾರಗಳು ಕೂಡಿದವೆಂದು ಸವರ್ಣದೀರ್ಘ ಅನ್ನಬೇಡಿ. ಎರಡೂ ಕನ್ನಡ ಪದಗಳು. ಮೊದಲನೆಯದರ ‘ಉ’ ಲೋಪವಾಗಿದೆ, ಎರಡನೆಯದರ ‘ಊ’ ಮೊದಲೇ ದೀರ್ಘವಿತ್ತು.

ಪದ ಬಿಡಿಸಿ ಬರೆಯುವಾಗ ಕೂಡು ಚಿಹ್ನೆ ಹಾಕಿ, ಎದುರಿಗೆ ಸಂಧಿಯ ಪೂರ್ತಿ ಹೆಸರು ಬರೆಯಿರಿ. ‘ಆಗಮ’ ಎಂದಷ್ಟೇ ಬರೆದು ಬಿಡದೆ ಯಕಾರವೋ ವಕಾರವೋ ತಿಳಿಸಿ.

ನಾಳೆ ಬಿಡಿಸಿಕೊಂಡು ಬನ್ನಿ: ಹೊಲವನ್ನು, ಷಡಾನನ, ಬೆಟ್ಟದಾವರೆ, ವಿರೂಪಾಕ್ಷ, ಬೇರೊಬ್ಬ, ಕೋಟೆಯಲ್ಲಿ, ಅಮರೇಶ್ವರ, ಅತ್ಯುತ್ತಮ, ಸನ್ಮಾನ, ಅಷ್ಟೈಶ್ವರ್ಯ.