ನೀರಗಂಟಿ ಮುನಿಯನ ಪ್ರವೇಶದ ಹಾಡು
(‘ತೂಬು’ ನಾಟಕ, ಮೊದಲನೇ ಅಂಕ, ಎರಡನೇ ದೃಶ್ಯ)

ಊರು: ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಒಂದು ಹಳ್ಳಿ.
ಕಾಲ: 1980ರ ದಶಕದ ಮೊದಲ ವರ್ಷಗಳು. ಊರಿಗೆ ಇನ್ನೂ ಕೊಳವೆಬಾವಿ ಬಂದಿಲ್ಲ.
ಪಾತ್ರಗಳು: ಮುನಿಯ (ಐವತ್ತೈದರ ಆಸುಪಾಸು), ಸಾರಥಿ, ಚೌಡಮ್ಮಜ್ಜಿ, ಚಿಕ್ಕಗೌಡ, ಮೇಳದವರು.
ವಾದ್ಯ: ತಮಟೆ, ಹಾರ್ಮೋನಿಯಂ, ತಾಳ, ಏಕತಾರಿ.

(ರಂಗದ ಹಿಂಭಾಗದಲ್ಲಿ ಎಡದಿಂದ ಬಲಕ್ಕೆ ಕೆರೆ ಏರಿ. ಏರಿಯ ಪಕ್ಕ ತೂಬು: ಎರಡು ಕಲ್ಲಿನ ಕಂಬ, ನಡುವೆ ಅಡ್ಡಗಲ್ಲು, ಅದರ ತೂತಿನಲ್ಲಿ ಇಳಿಬಿಟ್ಟ ಮರದ ಗಳು. ಮುಂಭಾಗವೆಲ್ಲ ಗದ್ದೆ ಬಯಲು. ಬೆಳಗಿನ ಜಾವ. ಮೇಳದವರು ಬಲಗಡೆ ಕೂತಿದ್ದಾರೆ. ತಮಟೆ ನಿಧಾನವಾಗಿ ಶುರುವಾಗಿ ಜೋರಾಗುತ್ತದೆ. ಮುನಿಯ ಏರಿಯ ಮೇಲೆ ಕಾಣಿಸಿಕೊಳ್ಳುತ್ತಾನೆ. ಹಾಡು ಶುರುವಾದರೂ ಜನರ ಕಡೆ ನೋಡುವುದಿಲ್ಲ, ನೀರನ್ನೇ ನೋಡುತ್ತಾ ನಡೆಯುತ್ತಾನೆ.)

ಮೇಳ:
ಬಂದಾನೋ ನೀರಗಂಟಿ ಬಂದಾನೋ
ಕೆರೆ ಏರಿ ಇಳಕೊಂಡು ಬಂದಾನೋ

ಸಾರಥಿ: ಯಾರಪ್ಪಾ ನೀನು? ಹೊತ್ತು ಮೂಡೋ ಮುಂಚೆ ಏರಿ ಮೇಲೆ ಏನು ಕೆಲಸ? ಹೆಸರೇನು, ಸ್ಥಾನವೇನು, ಸಭೆಗೆ ಹೇಳಬೇಕು.

ಮುನಿಯ: (ನಿಂತು, ಸನಿಕೆ ನೆಲಕ್ಕೆ ಊರಿ) ಕೇಳೋರಿದ್ರೆ ಹೇಳೋಕೇನು?

ಮುನಿಯ (ನುಡಿ 1):
ಹೆಗಲಲ್ಲಿ ಸನಿಕೆ, ಮೊಣಕಾಲ್ಗೆ ಕೆಸರು,
ಬಗಲಲ್ಲಿ ಕಂಬಳಿ, ಮುನಿಯ ನನ್ನ ಹೆಸರು.
ತಗೊಳ್ಳಿ ಅಂದಾಗ ತಗೊಳ್ಳಿ ನೀರು,
ತೆಗೀಬೇಡಿ ಅಂದ್ರೆ ತೂಬ್ ತೆಗೆಯೋರು ಯಾರು?

ಮೇಳ: ತೂಬ್ ತೆಗೆಯೋರು ಯಾರಣ್ಣ, ತೆಗೆಯೋರು ಯಾರು?

(ತಮಟೆಯ ಒಂದು ಸುತ್ತು. ಮುನಿಯ ಏರಿ ಇಳಿದು ಬಯಲಿಗೆ ಬರುತ್ತಾನೆ. ಕಾಲುವೆ ಬದಿಯಲ್ಲಿ ಯಾರೋ ರಾತ್ರಿ ಕದ್ದು ಒಡೆದ ಒಡ್ಡು ಕಾಣುತ್ತದೆ. ಮಾತಿಲ್ಲದೆ ನಾಲ್ಕು ಸನಿಕೆ ಮಣ್ಣು ಎಳೆದು ಮುಚ್ಚಿ, ಕಾಲಿಂದ ತುಳಿದು ಗಟ್ಟಿ ಮಾಡುತ್ತಾನೆ.)

ಸಾರಥಿ: ಇಷ್ಟು ಜಂಬದ ಆಳಿಗೆ ಸಂಬಳ ಎಷ್ಟು ಬರುತ್ತಪ್ಪಾ?

ಮುನಿಯ: ಸಂಬಳ ಎಲ್ಲಿಂದ ಸ್ವಾಮಿ? ಕಣದಲ್ಲಿ ರಾಶಿ ಆದ್ಮೇಲೆ ಮನೆಗಿಷ್ಟು ಅಂತ ಅಳೆದು ಹಾಕ್ತಾರೆ. ಮಳೆ ಬಂದ್ರೆ ಉಂಟು, ಬರದಿದ್ರೆ ಇಲ್ಲ.

ಸಾರಥಿ: ಹಂಗಾದ್ರೆ ಕೊಡೋರ ಕಡೆ ಸ್ವಲ್ಪ ಜಾಸ್ತಿ ನೀರು ಹರೀತದೆ, ಅಲ್ವಾ?

(ತಮಟೆ ತಟ್ಟನೆ ನಿಲ್ಲುತ್ತದೆ. ಮುನಿಯ ಸಾರಥಿಯನ್ನು ದಿಟ್ಟಿಸಿ ನೋಡುತ್ತಾನೆ. ಆಮೇಲೆ ಮುಖದ ಮೇಲೆ ತುಂಟ ನಗು. ಹಾರ್ಮೋನಿಯಂ ಶುರು.)

ಮುನಿಯ (ನುಡಿ 2):
ಊರ ಗೌಡ್ರು ಬಂದ್ರು, ಆಳು ರಾಗಿ ಹೊತ್ತು,
“ಬಾರೋ ಮುನಿಯ, ನೀರು ತಿರುಗಿಸು ಇವತ್ತು.”
ಯಾರಾದ್ರೇನ್ ಸ್ವಾಮಿ, ಸರದಿಗೊಂದು ಗೊತ್ತು,
ನೀರಿಗೆ ತಿಳಿಯಲ್ಲ ನಿಮ್ಮ ಮನೆ ಗತ್ತು.

ಮೇಳ: ನೀರಿಗೆ ತಿಳಿಯಲ್ಲ ಗೌಡ್ರೇ, ನಿಮ್ಮ ಮನೆ ಗತ್ತು.

(ಎರಡನೇ ಸಾಲನ್ನು ಮುನಿಯ ಗೌಡರ ದನಿಯಲ್ಲಿ, ಮೀಸೆ ತಿರುವುತ್ತಾ ಹೇಳಬೇಕು. ಜನ ನಗುತ್ತಾರೆ, ನಗಲಿ. ಅವನಿಗೂ ಆ ನಗು ಇಷ್ಟ. ಅಷ್ಟರಲ್ಲಿ ಚೌಡಮ್ಮಜ್ಜಿ ಕೋಲೂರಿಕೊಂಡು ಬರುತ್ತಾಳೆ.)

ಚೌಡಮ್ಮಜ್ಜಿ: ಮುನಿಯಾ, ನಂದು ಕಡೇ ಗದ್ದೆ ಕಣಪ್ಪ. ಪೈರು ಹಳದಿ ತಿರುಗ್ತಾ ಐತೆ. ಇವತ್ತಾದ್ರೂ ಬರ್ತದಾ?

ಮುನಿಯ: (ಗದರುತ್ತಾ) ಏನಜ್ಜಿ, ಬೆಳಗ್ಗೇನೇ ಶುರು ಮಾಡ್ಕೊಂಡ್ಯಾ? ನಿನ್ನ ಗದ್ದೆ ತೊಯ್ಯೋ ಗಂಟ ನಾನು ತೂಬು ಮುಚ್ಚಲ್ಲ ಅಂತ ಎಷ್ಟು ಸಲ ಹೇಳೋದು? ಹೋಗು, ಮಂಜಲ್ಲಿ ನಿಂತ್ಕೋಬೇಡ.

(ಅಜ್ಜಿ ಹೊರಡುತ್ತಾಳೆ. ಅವಳ ಬೆನ್ನು ತಿರುಗಿದ ಮೇಲೆ ಮುನಿಯ ಬಗಲಲ್ಲಿದ್ದ ಕಂಬಳಿ ತೆಗೆದು ಹಿಂದಿನಿಂದ ಅವಳಿಗೆ ಹೊದಿಸುತ್ತಾನೆ. ಮೇಳ ಇದನ್ನು ನೋಡಿಯೂ ನೋಡದಂತೆ ಇರಬೇಕು. ಅಜ್ಜಿ ಹೋದ ಮೇಲೆ ಅವನೊಬ್ಬನೇ.)

ಸಾರಥಿ: (ದನಿ ಇಳಿಸಿ) ನಿನ್ನ ಗದ್ದೆ ಎಲ್ಲಿ ಬರ್ತದೆ ಮುನಿಯಣ್ಣ? ತೂಬಿನ ಹತ್ರಾನಾ, ಕಡೇಗಾ?

(ಮುನಿಯ ಉತ್ತರ ಕೊಡುವುದಿಲ್ಲ. ತೂಬಿನ ಹತ್ತಿರ ಹೋಗಿ ಕಲ್ಲಿಗೆ ಒರಗಿ ಕೂರುತ್ತಾನೆ. ಏಕತಾರಿ ಮಾತ್ರ.)

ಮುನಿಯ (ನುಡಿ 3):
ಎಲ್ಲಾರ ಗದ್ದೆಗೂ ನೀರು ಕಟ್ಟೋ ಕೈಗೆ
ಇಲ್ಲಣ್ಣ ಗೇಣುದ್ದ ನೆಲ ನನ್ನ ಪಾಲಿಗೆ.
ಕಲ್ಲು ತೂಬಿಗೆ ಕಿವಿ ಕೊಟ್ಟು ಮಲಗೋ ಹೊತ್ಗೆ
ಸೊಲ್ಲು ಕೇಳ್ತೈತೆ ಗಂಗಮ್ಮಂದು, ಮೆತ್ಗೆ.

(ಈ ನುಡಿಗೆ ಮೇಳ ದನಿಗೂಡಿಸುವುದಿಲ್ಲ.)

ಹಾಡುವವರಿಗೆ, ನುಡಿಸುವವರಿಗೆ:

ಮೂರು ನುಡಿಗೂ ಧಾಟಿ ಒಂದೇ, ನಾಲ್ಕು ನಾಲ್ಕು ಪೆಟ್ಟಿನ ನಡೆ. ಬದಲಾಗುವುದು ವೇಗ ಮಾತ್ರ. ಪ್ರತಿ ಸಾಲಿನ ಎರಡನೇ ಅಕ್ಷರದ ಪ್ರಾಸ ಕಿವಿಗೆ ಬೀಳಬೇಕು. ಹೆಗಲು, ಬಗಲು, ತಗೊಳ್ಳಿ, ತೆಗೀಬೇಡಿ ಅನ್ನುವಾಗ ತಮಟೆಯ ಪೆಟ್ಟು ಆ ‘ಗ’ಕಾರದ ಮೇಲೇ ಬೀಳಲಿ. ಮೂಡಲಪಾಯ ಯಕ್ಷಗಾನದಲ್ಲಿ ಪಾತ್ರ ಬಂದ ಕೂಡಲೇ ಸಾರಥಿ ಎದುರು ನಿಂತು ಯಾರು, ಏನು ಅಂತ ಕೇಳುವ ರೂಢಿ ಇದೆಯಲ್ಲ, ಅದನ್ನೇ ಇಲ್ಲಿ ಇಟ್ಟುಕೊಂಡಿದ್ದೇನೆ. ಆದರೆ ಕೊನೆಯ ಪ್ರಶ್ನೆಗೆ ಮುನಿಯ ಸಾರಥಿಗೆ ಉತ್ತರ ಹೇಳುತ್ತಿಲ್ಲ, ತನಗೇ ಹೇಳಿಕೊಳ್ಳುತ್ತಿದ್ದಾನೆ.

ದಯವಿಟ್ಟು ಮೂರನೇ ನುಡಿಯನ್ನು ಅಳುತ್ತಾ ಹಾಡಬೇಡಿ. ಕೋಲಾರದಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಒಂದು ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ಹೀಗೆ ಸರಪಳಿಯಂತೆ ಇರುವ ಕೆರೆಗಳನ್ನೇ ನಂಬಿ ತಲೆಮಾರುಗಳು ಬದುಕಿವೆ. ಅಂಥ ಕಡೆ ತೂಬು ಕಾಯುವವನು ದೊಡ್ಡ ಜವಾಬ್ದಾರಿ ಹೊತ್ತವನು. ಎಷ್ಟೋ ಊರುಗಳಲ್ಲಿ ಆ ಕೆಲಸ ದಲಿತ ಮನೆತನಗಳ ಪಾಲಿಗೆ ಬಂದದ್ದು. ನೆಲ ಇಲ್ಲದವನ ಕೈಯಲ್ಲಿ ನೆಲ ಇದ್ದವರ ಬೆಳೆ ಇತ್ತು. ಮುನಿಯನಿಗೆ ಇದು ಚೆನ್ನಾಗಿ ಗೊತ್ತು. ಎರಡನೇ ಸಾಲು ಲೆಕ್ಕ ಒಪ್ಪಿಸುವಂತೆ ಬರಲಿ. ಮೂರನೇ ಸಾಲಿನಿಂದ ಅವನ ಖುಷಿ ಶುರು, ಕಟ್ಟಕಡೆಗೆ ‘ಮೆತ್ಗೆ’ ಅನ್ನುವಾಗ ಮಗುವಿನ ಮಾತು ಕೇಳಿಸಿಕೊಂಡವನ ಮುಖ ಇರಬೇಕು. ಕೊನೆಯ ಆ ಪದವನ್ನು ಎಳೆಯಬೇಡಿ.

(ಏಕತಾರಿ ನಿಲ್ಲುತ್ತದೆ. ಮುನಿಯ ಎದ್ದು ತೂಬಿನ ಗಳು ಎತ್ತಲು ಕೈ ಹಾಕುತ್ತಾನೆ. ಸೈಕಲ್ ಬೆಲ್. ಚಿಕ್ಕಗೌಡ ಬರುತ್ತಾನೆ.)

ಚಿಕ್ಕಗೌಡ: ಏನೋ ಮುನಿಯ, ಹಾಡು ಜೋರಾಗೈತೆ? ಅಪ್ಪನ ರಾಗಿ ವಾಪಸ್ ಕಳಿಸ್ದಂತೆ. ಇರಲಿ ಬಿಡು. ನಾಳೆ ನಮ್ಮ ಹೊಲಕ್ಕೆ ಬೋರ್ ಕೊರೆಯೋ ಲಾರಿ ಬರ್ತಾ ಐತೆ. ಇನ್ಮೇಲೆ ನಿನ್ನ ಸರದಿ ಕಾಯೋ ಗೋಜಿಲ್ಲ.

ಮುನಿಯ: ಎಷ್ಟು ಆಳ ಕೊರೀತಾರೆ ಬುದ್ಧಿ?

ಚಿಕ್ಕಗೌಡ: ನೀರು ಸಿಗೋ ಗಂಟ.

ಮುನಿಯ: ಆ ನೀರಿಗೆ ಸರದಿ ನೋಡೋರು ಯಾರು?

ಚಿಕ್ಕಗೌಡ: (ನಗುತ್ತಾ) ಸ್ವಿಚ್ಚು ನಮ್ಮ ಮನೇಲಿ ಇರ್ತದೆ ಕಣೋ.

(ಸೈಕಲ್ ಹತ್ತಿ ಹೋಗುತ್ತಾನೆ. ಮುನಿಯ ಗಳು ಎತ್ತುತ್ತಾನೆ. ನೀರು ಹೊರಡುವ ಸದ್ದು. ಮುನಿಯ ಸನಿಕೆ ಹೆಗಲಿಗೇರಿಸಿ, ಕಡೇ ಗದ್ದೆಯ ದಿಕ್ಕಿಗೆ ಕಾಲುವೆ ಗುಂಟ ಬಿರಬಿರನೆ ನಡೆಯುತ್ತಾನೆ. ಮೂರನೇ ದೃಶ್ಯಕ್ಕೆ ತಮಟೆ.)