ಆಟಿಯಲ್ಲೊಂದು ಎಲೆ
ಕಾರ್ಗಿಲ್ ವಿಜಯ ದಿನದಂದು ಮಂಗಳೂರಿನ ಕದ್ರಿಯಲ್ಲಿ ಸೇರಿದ ಮಾಜಿ ಸೈನಿಕರ ಸ್ಮರಣ ಸಭೆಯಲ್ಲಿ ಆಡಿದ ಮಾತು

ವೇದಿಕೆಯ ಮೇಲಿರುವ ಹಿರಿಯ ಅಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕುಳಿತಿರುವ ತಾಯಂದಿರೇ, ವೀರನಾರಿಯರೇ, ನನ್ನ ಮಾಜಿ ಸೈನಿಕ ಬಂಧುಗಳೇ, ಮಳೆಯಲ್ಲಿ ನೆನೆದುಕೊಂಡೇ ಬಂದಿರುವ ಎನ್‌ಸಿಸಿ ಮಕ್ಕಳೇ, ನಿಮಗೆಲ್ಲ ನಮಸ್ಕಾರ.

ಶಾಮಿಯಾನದ ಮೇಲೆ ಮಳೆ ಬೀಳುವ ಸದ್ದಿಗೆ ನನ್ನ ಮಾತು ಹಿಂದಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ. ಇದು ಆಟಿಯ ಮಳೆ, ನಾವು ಹೇಳಿದರೆ ನಿಲ್ಲುವುದಲ್ಲ. ಜುಲೈ 26 ಪ್ರತಿ ವರ್ಷವೂ ಆಟಿಯಲ್ಲೇ ಬರುತ್ತದೆ. ಬೇರೆ ಊರಿನವರಿಗೆ ಅದು ಬರೀ ತಾರೀಕು. ನಮ್ಮ ಕಡೆ ಆಟಿ ಅಂದರೆ ಮದುವೆ ಇಲ್ಲ, ಮನೆ ಒಕ್ಕಲಿಲ್ಲ. ತೀರಿಕೊಂಡವರನ್ನು ನೆನೆದು, ಒಳಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಎಳೆದುಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವ ತಿಂಗಳು. ಇಂದು ನಾನು ಹೇಳಲಿಕ್ಕಿರುವುದೆಲ್ಲ ಅಂಥ ಒಂದು ಎಲೆಯ ವಿಷಯ.

1999ರ ಬೇಸಿಗೆಯಲ್ಲಿ ನಾನು ತೋಪಖಾನೆಯಲ್ಲಿ ಹವಾಲ್ದಾರ್. ಬೋಫೋರ್ಸ್ ತೋಪುಗಳ ಹಿಂದೆ, ಕಮಾಂಡ್ ಪೋಸ್ಟ್‌ನಲ್ಲಿ ನಕ್ಷೆ ಹರಡಿಕೊಂಡು ಲೆಕ್ಕ ಹಾಕುವ ಕೆಲಸ ನನ್ನದು. ಮೇಲಿನಿಂದ ರೇಡಿಯೋದಲ್ಲಿ ಗುರಿ ಬರುತ್ತದೆ, ನಾವು ಕೋನ ಲೆಕ್ಕ ಹಾಕಿ ತೋಪಿಗೆ ಹೇಳುತ್ತೇವೆ, ಅಲ್ಲಿಯ ಹುಡುಗರು 40 ಕಿಲೋಗೂ ಮಿಕ್ಕಿ ತೂಗುವ ಗುಂಡನ್ನು ಎತ್ತಿ ತುಂಬುತ್ತಾರೆ.

ಅಲ್ಲಿನ ನೆಲ ಹೇಗಿತ್ತೆಂದು ಎನ್‌ಸಿಸಿ ಮಕ್ಕಳಿಗೆ ಸ್ವಲ್ಪ ಹೇಳಬೇಕು. ಚಳಿಗಾಲದಲ್ಲಿ ಹಿಮಕ್ಕೆ ಅಂಜಿ ಎರಡೂ ಕಡೆಯವರು ಎತ್ತರದ ಚೌಕಿಗಳನ್ನು ಬಿಟ್ಟು ಕೆಳಗಿಳಿಯುವುದು ಆಗ ರೂಢಿಯಾಗಿತ್ತು. ಆ ವರ್ಷ ಆಚೆಯವರು ಸದ್ದಿಲ್ಲದೆ ನಮ್ಮ ಕಡೆಯ ಶಿಖರಗಳನ್ನು ಹತ್ತಿ ಕೂತಿದ್ದರು. ಮೇ ತಿಂಗಳ ಮೊದಲಿಗೆ ಸುದ್ದಿ ತಂದವರು ಕುರಿ ಕಾಯುವವರು. ದ್ರಾಸ್ ಊರೇ ಸಮುದ್ರಮಟ್ಟದಿಂದ 10,000 ಅಡಿಗಿಂತ ಮೇಲಿದೆ. ಟೈಗರ್ ಹಿಲ್ 16,000 ಅಡಿಗೂ ಮಿಕ್ಕಿ. ಶ್ರೀನಗರದಿಂದ ಲೇಹ್‌ಗೆ ಹೋಗುವ ಒಂದೇ ಹೆದ್ದಾರಿ ಆ ಶಿಖರಗಳ ಕಾಲಬುಡದಲ್ಲಿ ಹಾದುಹೋಗುತ್ತದೆ. ಮೇಲೆ ಕೂತವನಿಗೆ ಕೆಳಗೆ ಹೋಗುವ ಪ್ರತಿಯೊಂದು ಲಾರಿಯೂ ಕಾಣುತ್ತಿತ್ತು. ಗಡಿ ನಿಯಂತ್ರಣ ರೇಖೆ ದಾಟಬಾರದೆಂದು ನಮಗೆ ಆದೇಶ. ಹಾಗಾಗಿ ಸುತ್ತಿ ಹಿಂದಿನಿಂದ ಹೋಗುವ ದಾರಿಗಳು ಮುಚ್ಚಿಹೋಗಿ, ಎದುರಿನಿಂದಲೇ ಹತ್ತಬೇಕಾಗಿ ಬಂತು. ಮರ ಇಲ್ಲ, ಪೊದೆ ಇಲ್ಲ, ಕಾಲಿಟ್ಟಲ್ಲಿ ಜಾರುವ ಕಲ್ಲು. ಹತ್ತುವುದಿದ್ದರೆ ರಾತ್ರಿಯೇ. ಬೆಳಗಾಗುವುದರೊಳಗೆ ಮೇಲೆ ತಲುಪದಿದ್ದರೆ ಬಂಡೆಯ ಮರೆಯಲ್ಲಿ ದಿನವಿಡೀ ಅಲುಗಾಡದೆ ಬಿದ್ದಿರಬೇಕು. ತೋಲೋಲಿಂಗ್ ಜೂನ್ 13ರಂದು ನಮ್ಮ ಕೈಗೆ ಬಂತು, ಟೈಗರ್ ಹಿಲ್ ಜುಲೈ 4ರಂದು. ಪುಸ್ತಕದಲ್ಲಿ ಇದು ಒಂದು ಸಾಲು. ಆ ಸಾಲಿನ ಒಳಗೆ ಎಷ್ಟು ರಾತ್ರಿಗಳಿದ್ದವೆಂದು ಇಲ್ಲಿ ಕೂತ ಕೆಲವರಿಗೆ ಗೊತ್ತು.

ಆ ಯುದ್ಧದಲ್ಲಿ ದೇಶ 527 ಜನರನ್ನು ಕಳಕೊಂಡಿತು. ಅವರಲ್ಲಿ ನಾನು ಬಲ್ಲ ಇಬ್ಬರ ಬಗ್ಗೆ ಮಾತ್ರ ಮಾತಾಡುತ್ತೇನೆ. ಹೆಸರುಗಳನ್ನು ನಾನು ಹೇಳುವುದಿಲ್ಲ. ಅವನ್ನು ಓದುವ ಹಕ್ಕು ಅವರ ಮನೆಯವರದು, ನನ್ನ ಮಾತು ಮುಗಿದ ಮೇಲೆ ಅವರೇ ಓದುತ್ತಾರೆ.

ಒಬ್ಬ ಕುಂದಾಪುರದ ಕಡೆಯವ, ಮದ್ದುಗುಂಡಿನ ಲಾರಿಯ ಡ್ರೈವರ್. ರಾತ್ರಿ ಆ ರಸ್ತೆಯಲ್ಲಿ ದೀಪ ಹಾಕುವಂತಿರಲಿಲ್ಲ. ಒಂದು ಬದಿ ಬೆಟ್ಟ, ಇನ್ನೊಂದು ಬದಿ ಹೊಳೆ, ಹಿಂದೆ ಲಾರಿ ತುಂಬ ಗುಂಡು. ಇವ ಬಡಗುತಿಟ್ಟಿನ ಯಕ್ಷಗಾನದ ಪದ ಹೇಳಿಕೊಂಡು ಬರುತ್ತಿದ್ದ. ದೂರದಿಂದ ಲಾರಿಯ ಸದ್ದಿಗಿಂತ ಮೊದಲು ಭಾಗವತಿಕೆ ಕೇಳುತ್ತಿತ್ತು ಅಂದರೆ ನಂಬುತ್ತೀರಾ? ಬಿಹಾರದ ಹುಡುಗರಿಗೆ ಅದರ ಒಂದಕ್ಷರ ಅರ್ಥವಾಗದಿದ್ದರೂ ಅವ ಬಂದನೆಂದರೆ ಗೊತ್ತಾಗುತ್ತಿತ್ತು. ಏನು ಹಾಡುತ್ತೀಯೋ ಎಂದು ಕೇಳಿದರೆ, "ಅಭಿಮನ್ಯು ಒಳಗೆ ಹೋದ, ಹೊರಗೆ ಬರುವ ಪದ ನಾನು ಇನ್ನೂ ಕಲಿಯಲಿಲ್ಲ" ಎಂದಿದ್ದ. ಗುಂಡು ಇಳಿಸುವಾಗ ಆಚೆಯಿಂದ ಬಂದ ಶೆಲ್ ಅವನ ಲಾರಿಯ ಪಕ್ಕದಲ್ಲೇ ಬಿತ್ತು. ಆ ರಾತ್ರಿ ಅವ ಇಳಿಸಿದ ಅರ್ಧ ಲೋಡನ್ನು ನಾವು ಬೆಳಗಾಗುವುದರೊಳಗೆ ಹೊಡೆದು ಮುಗಿಸಿದೆವು.

ಇನ್ನೊಬ್ಬ ಬೆಳ್ತಂಗಡಿಯ ಕಡೆಯ ಹುಡುಗ. ಅಡಿಕೆ ತೋಟದ ಮನೆ, ಅಪ್ಪ ಚಿಕ್ಕಂದಿನಲ್ಲೇ ಹೋಗಿದ್ದರು, ತಾಯಿ ಮತ್ತು ಒಬ್ಬ ತಂಗಿ. ಅವ ನಮ್ಮ ರೇಡಿಯೋ ಆಪರೇಟರ್. ತೋಪಿನವರು ಹಿಂದೆಯೇ ಇರುತ್ತಾರೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಕಾಲಾಳು ಪಡೆಯ ಜೊತೆ ನಮ್ಮ ಒಬ್ಬ ಅಧಿಕಾರಿ, ಅವರ ಬೆನ್ನಿಗೆ ಸೆಟ್ ಹೊತ್ತ ಆಪರೇಟರ್, ಇವರೂ ಮೇಲೆ ಹತ್ತುತ್ತಾರೆ. ಶತ್ರುವಿನ ಬಂಕರನ್ನು ಕಣ್ಣಿಂದ ನೋಡಿ, ನಮ್ಮ ಗುಂಡು ಎಲ್ಲಿ ಬಿತ್ತು, ಎಷ್ಟು ಎಡಕ್ಕೆ, ಎಷ್ಟು ಮುಂದಕ್ಕೆ ಎಂದು ತಿದ್ದುವವರು ಅವರೇ.

ಮೂರು ವಾರ ನಾನು ಅವನನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. "ಎಡಕ್ಕೆ ಐವತ್ತು. ಮುಂದೆ ನೂರು." ಏದುಸಿರಿನ ಮಧ್ಯೆಯೂ ಅಂಕಿ ಮಾತ್ರ ಸ್ಪಷ್ಟ. ಅಲ್ಲಿ ಒಂದು ಅಂಕಿ ತಪ್ಪಿದರೆ ಗುಂಡು ನಮ್ಮವರ ಮೇಲೆಯೇ ಬೀಳುತ್ತದೆ. ಅವ ಒಂದು ಸಲವೂ ತಪ್ಪಲಿಲ್ಲ. ಗಂಟೆಗೊಮ್ಮೆ ಸೆಟ್ ಪರೀಕ್ಷೆ ಮಾಡುವಾಗ, ಹೇಳಬೇಕಾದ್ದನ್ನೆಲ್ಲ ಹೇಳಿದ ಮೇಲೆ ಕೊನೆಗೆ ಮೆಲ್ಲಗೆ ತುಳುವಿನಲ್ಲಿ "ಉಲ್ಲೆ" ಎಂದು ಸೇರಿಸುತ್ತಿದ್ದ. ಇದ್ದೇನೆ ಎಂದು. ರೇಡಿಯೋದಲ್ಲಿ ಹಾಗೆ ಮಾತಾಡಲಿಕ್ಕಿಲ್ಲ, ನಾನು ಹಿರಿಯನಾಗಿ ಗದರಬೇಕಿತ್ತು. ಗದರಲಿಲ್ಲ. ಆ ಮಾತಿಗಾಗಿ ಕಾದು ಕೂರುತ್ತಿದ್ದೆ.

ತೋಲೋಲಿಂಗ್‌ನ ಆಚೆಗಿನ ಒಂದು ದಿಣ್ಣೆಗೆ ಅವ ಹತ್ತಿದ. ಬೆಳಗಿನ ಜಾವ ಎರಡು ಗುರಿ ತಿದ್ದಿದ. ಮೂರನೆಯದಕ್ಕೆ ಅಧಿಕಾರಿಯೇ ಸೆಟ್ ಹಿಡಿದು ಮಾತಾಡಿದರು. ನಾನು ಏನೂ ಕೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಅಂಕಿ ಬರೆದುಕೊಂಡು ತೋಪಿಗೆ ಕೊಟ್ಟೆ.

ಹಿಂದಿನ ಯುದ್ಧಗಳಲ್ಲಿ ಬಿದ್ದವರಿಗೆ ಹೆಚ್ಚಾಗಿ ರಣರಂಗದ ಬಳಿಯೇ ಅಂತ್ಯಕ್ರಿಯೆ ಆಗುತ್ತಿತ್ತು. 1999ರಲ್ಲಿ ದೇಹಗಳು ಧ್ವಜ ಹೊದ್ದು ಊರಿಗೆ ಬಂದವು. ಅವನೂ ಬಂದ. ಮಳೆಯಲ್ಲಿ ತಾಲ್ಲೂಕಿನ ಜನವೆಲ್ಲ ರಸ್ತೆ ಬದಿ ನಿಂತಿತ್ತಂತೆ. ನಾನು ಆಗ ಅಲ್ಲಿಯೇ ಇದ್ದೆ, ಮೇಲೆ. ನನಗೆ ರಜೆ ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ.

ಅವನ ಮನೆಗೆ ಹೋದೆ. ತಾಯಿ ಅಳಲಿಲ್ಲ. ಕುಡಿಯಲಿಕ್ಕೆ ಬೆಲ್ಲ-ನೀರು ಕೊಟ್ಟರು. ಹೇಗೆ ಸತ್ತ, ಎಲ್ಲಿಗೆ ಗುಂಡು ಬಿತ್ತು, ನೋವಾಯಿತಾ, ಯಾವುದನ್ನೂ ಕೇಳಲಿಲ್ಲ. ನಾನು ಅದಕ್ಕೆಲ್ಲ ಉತ್ತರ ಸಿದ್ಧ ಮಾಡಿಕೊಂಡು ಹೋಗಿದ್ದೆ. ಅವರು ಕೇಳಿದ್ದು ಒಂದೇ: "ಅವ ಕೊನೆಗೆ ಎಂತ ತಿಂದ ಮಗಾ?"

"ಚೆನ್ನಾಗಿಯೇ ಊಟ ಮಾಡಿದ್ದ ಅಮ್ಮ" ಎಂದುಬಿಟ್ಟೆ.

ಅದು ಸುಳ್ಳು. ಅಂದು ಸಂಜೆ ಅವನಿಗೆ ನಾನು ಕೊಟ್ಟದ್ದು ಎರಡು ತಣ್ಣಗಿನ ಪೂರಿ ಮತ್ತು ಒಂದು ಮಗ್ ಚಹಾ. ಬಿಸಿ ಊಟ ಆ ದಿನ ನಮ್ಮವರೆಗೆ ಬಂದಿರಲಿಲ್ಲ. ಅವನಿಗೆ ಸಾಲಲಿಲ್ಲ ಎಂದು ಕಾಣುತ್ತಿತ್ತು. ಮಗ ಅರೆಹೊಟ್ಟೆಯಲ್ಲಿ ಬೆಟ್ಟ ಹತ್ತಿದ ಎಂದು ತಾಯಿಗೆ ಯಾವ ಬಾಯಲ್ಲಿ ಹೇಳಲಿ? ಆ ನಾಚಿಕೆಯಲ್ಲಿ ಉಳಿದದ್ದನ್ನೂ ನುಂಗಿದೆ. 20 ವರ್ಷ ನುಂಗಿಕೊಂಡೇ ಇದ್ದೆ. ನಿವೃತ್ತನಾಗಿ ಊರಿಗೆ ಬಂದ ಮೇಲೂ ಆ ಮನೆಯ ದಾರಿ ತಪ್ಪಿಸಿದೆ.

2019ರ ಆಟಿಯಲ್ಲಿ ಅವನ ತಂಗಿ ಫೋನ್ ಮಾಡಿದರು. "ಅಣ್ಣಾ, ಅಮ್ಮ ಪ್ರತಿ ವರ್ಷ ಎಲೆ ಹಾಕುವಾಗ ಕೈ ತಡೆಯುತ್ತಾರೆ. ಅವನಿಗೆ ಎಂತ ಬಡಿಸುವುದೆಂದು ಅವರಿಗೆ ಸಮಾಧಾನ ಇಲ್ಲ. ಚಿಕ್ಕವನಿದ್ದಾಗ ತಿಂದದ್ದು ಗೊತ್ತು, ಕೊನೆಗೆ ತಿಂದದ್ದು ಗೊತ್ತಿಲ್ಲ" ಎಂದರು. ಆಗ ನನಗೆ ತಿಳಿಯಿತು, ಆ ತಾಯಿ ಯಾಕೆ ಆ ಪ್ರಶ್ನೆ ಕೇಳಿದ್ದರೆಂದು.

ಮಾರನೇ ದಿನವೇ ಬಸ್ಸು ಹತ್ತಿದೆ. ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತು ಎಲ್ಲ ಹೇಳಿದೆ. ಎರಡೇ ಪೂರಿ ಅಮ್ಮ, ಅದೂ ತಣ್ಣಗೆ. ನಂಚಿಕೊಳ್ಳಲಿಕ್ಕೆ ಅವ ತನ್ನ ಟ್ರಂಕಿನಿಂದ ಬಾಟಲಿ ತೆಗೆದ. ನೀವು ಕಳಿಸಿದ್ದ ಮಿಡಿ ಉಪ್ಪಿನಕಾಯಿ. ತಳದಲ್ಲಿ ಒಂದೇ ಮಿಡಿ ಉಳಿದಿತ್ತು. ಅರ್ಧ ಕಚ್ಚಿ ನನಗೆ ಕೊಡಲು ಬಂದ, ನಾನು ಬೇಡ ಅಂದೆ. ಬಾಟಲಿಗೆ ಚಹಾ ಸುರಿದು ತೊಳೆದು ಅದನ್ನೂ ಕುಡಿದ. ಶಕ್ಕರಪಾರೆಯ ಪೊಟ್ಟಣ ಜೇಬಿಗೆ ಹಾಕಿ, ಸೆಟ್ ಬೆನ್ನಿಗೇರಿಸಿ ಹೊರಟ.

ಆ ತಾಯಿ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ನನ್ನ ಕೈಯದ್ದೇ ತಿಂದು ಹೋದ" ಎಂದರು. ಅಷ್ಟೇ. ಎದ್ದು ಹೋಗಿ ಭರಣಿಯ ಮುಚ್ಚಳ ತೆಗೆದರು.

ಕಳೆದ ವರ್ಷ ಅವರೂ ತೀರಿಕೊಂಡರು. ಐದು ಆಟಿ ಅವರು ಆ ಎಲೆಗೆ ತಣ್ಣಗಿನ ಎರಡು ಪೂರಿ, ಒಂದು ಮಿಡಿ ಬಡಿಸಿದರು. ನಾನು ಮೊದಲೇ ಹೇಳಿದ್ದರೆ ಇಪ್ಪತ್ತನಾಲ್ಕು ಆಗುತ್ತಿತ್ತು. ಈ ಲೆಕ್ಕ ನಾನು ಹಾಕಿದ ಯಾವ ತೋಪಿನ ಲೆಕ್ಕಕ್ಕಿಂತಲೂ ಹೆಚ್ಚು ಸಲ ರಾತ್ರಿ ನನ್ನನ್ನು ಎಬ್ಬಿಸಿದೆ.

ನನ್ನ ಮಾಜಿ ಸೈನಿಕ ಬಂಧುಗಳಲ್ಲಿ ಕೈ ಮುಗಿದು ಕೇಳುತ್ತೇನೆ. ನಿಮ್ಮ ಹತ್ತಿರವೂ ಇಂಥದ್ದೊಂದು ಇದೆ. ಯಾರ ಬೀಡಿ ಯಾರು ಹಚ್ಚಿಕೊಟ್ಟರು, ಯಾವ ಪತ್ರವನ್ನು ಯಾರು ಎಷ್ಟು ಸಲ ಓದಿದರು, ಯಾರಿಗೆ ನಿದ್ದೆಯಲ್ಲಿ ಮಾತಾಡುವ ಅಭ್ಯಾಸ. ಇದೆಂಥ ಹೇಳುವ ವಿಷಯ ಎಂದು ಇಟ್ಟುಕೊಂಡಿದ್ದೀರಿ. ದ್ರಾಸ್‌ನ ಸ್ಮಾರಕದ ಗೋಡೆಯಲ್ಲಿ ಹೆಸರಿದೆ, ಅದು ಅಳಿಯುವುದಿಲ್ಲ. ಆದರೆ ಮಿಡಿ ಉಪ್ಪಿನಕಾಯಿಯ ವಿಷಯ ಆ ಗೋಡೆಗೆ ಗೊತ್ತಿಲ್ಲ. ನನಗೆ ಗೊತ್ತಿತ್ತು. ನಮಗೆಲ್ಲ ಅರವತ್ತು ದಾಟುತ್ತಾ ಬಂತು. ಈ ಆಟಿ ಮುಗಿಯುವುದರೊಳಗೆ ಒಂದು ಮನೆಗೆ ಹೋಗಿ ಬನ್ನಿ. ಹೋದಾಗ ಪಿಂಚಣಿಗೆ ಕೊಡುವ ಜೀವನ ಪ್ರಮಾಣ ಪತ್ರ ಆ ವರ್ಷದ್ದು ಆಗಿದೆಯಾ ಎಂದೂ ಕೇಳಿ. ಈಗ ಎಲ್ಲ ಫೋನಿನಲ್ಲಿ, ಕಂಪ್ಯೂಟರಿನಲ್ಲಿ. ಒಂಟಿಯಾಗಿರುವ ವಯಸ್ಸಾದ ಹೆಂಗಸಿಗೆ ಬೆರಳಚ್ಚು ಹಿಡಿಯದೆ ಪಿಂಚಣಿ ನಿಂತರೆ ಹೇಳಿಕೊಳ್ಳಲೂ ಸಂಕೋಚ. ಅದು ನಮ್ಮ ಕೆಲಸ, ಅವರದ್ದಲ್ಲ.

ಮನೆಯವರಲ್ಲಿಯೂ ಒಂದು ಮಾತು. ನಮ್ಮನ್ನು ಕೇಳಿ. ನಾವು ತಡವರಿಸಿದರೆ ಮತ್ತೊಮ್ಮೆ ಕೇಳಿ.

ಈಗ ಹೆಸರುಗಳನ್ನು ಓದುತ್ತಾರೆ. ಮೊದಲು ಬರುವವರು ಆ ರೇಡಿಯೋ ಆಪರೇಟರನ ತಂಗಿ. ಇಂದು ಬೆಳಿಗ್ಗೆ ಮನೆಯಲ್ಲಿ ಎಲೆ ಹಾಕಿ, ಬಡಿಸಿ, ಆಮೇಲೆ ಬಸ್ಸು ಹತ್ತಿ ಬಂದಿದ್ದಾರೆ. ಬಾ ತಂಗಿ, ಮೆಟ್ಟಿಲು ಒದ್ದೆಯಿದೆ, ಜಾಗ್ರತೆ. ಮೈಕ್ ಸ್ವಲ್ಪ ತಗ್ಗಿಸಿ ಕೊಡಿ ಅವರಿಗೆ.

ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸಾವಧಾನ್.