ಎಫ್‌ಡಿ, ಡೆಟ್ ಫಂಡ್ ಬಗ್ಗೆ ಅಪ್ಪಯ್ಯನಿಗೆ ಬರೆದ ಕಾಗದ

ಬೆಂಗಳೂರು
16-11-2025

ತೀರ್ಥರೂಪ ಅಪ್ಪಯ್ಯನಿಗೆ ವಿದ್ಯಾ ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನಾನು ಹೇಳಿದ್ದು ನಿನಗೆ ಅರ್ಧ ಕೇಳಿಸಲಿಲ್ಲ, ಇನ್ನರ್ಧವನ್ನು ನಾನೇ ಸಿಟ್ಟಿನಲ್ಲಿ ನುಂಗಿದೆ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಕೂತವನಿಗೆ ಕಾಗದದಲ್ಲೇ ಹೇಳೋಣ ಅಂತ ಕೂತಿದ್ದೇನೆ.

ಡಿಸೆಂಬರ್ 4ಕ್ಕೆ ನಿನ್ನ 12 ಲಕ್ಷದ ಎಫ್‌ಡಿ ಮುಗಿಯುತ್ತದೆ. ಬ್ಯಾಂಕಿನ ಆ ಹುಡುಗ "ಡೆಟ್ ಫಂಡಿಗೆ ಹಾಕಿ ಸಾರ್, ಇದೂ ಎಫ್‌ಡಿ ಥರಾನೇ, ಸ್ವಲ್ಪ ಜಾಸ್ತಿ ಬರುತ್ತೆ" ಅಂದನಂತೆ. ಡೆಟ್ ಫಂಡಿನ ಮೇಲೆ ನನಗೆ ಹಗೆಯಿಲ್ಲ, ನನ್ನದೂ ಒಂದಿಷ್ಟು ಹಣ ಅದರಲ್ಲಿದೆ. ನನ್ನ ತಕರಾರು ಆ "ಥರಾನೇ" ಎಂಬ ಮಾತಿನ ಮೇಲೆ.

ನಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಅಡಿಕೆಯನ್ನು ಚೇಣಿಗೆ ಕೊಟ್ಟರೆ ಒಪ್ಪಿದಷ್ಟು ದುಡ್ಡು ಬಂತು, ಮುಗೀತು. ಕೊಳೆ ಬರಲಿ, ಧಾರಣೆ ಏರಲಿ ಇಳಿಯಲಿ, ಅದು ಚೇಣಿದಾರನ ಪಾಡು. ಎಫ್‌ಡಿ ಹಾಗೆ. ನೀನು ಬ್ಯಾಂಕಿಗೆ ಸಾಲ ಕೊಟ್ಟಿದ್ದೀಯ, ಇಷ್ಟು ದಿನಕ್ಕೆ ಇಷ್ಟು ಬಡ್ಡಿ ಅಂತ ಬ್ಯಾಂಕು ಬರೆದುಕೊಟ್ಟಿದೆ. ಆ ದುಡ್ಡನ್ನು ಬ್ಯಾಂಕು ಯಾರಿಗೆ ಕೊಟ್ಟಿತು, ಅವನು ತೀರಿಸಿದನೋ ಇಲ್ಲವೋ ಎಂದು ನೀನು ಕೇಳಬೇಕಾಗಿಲ್ಲ.

ಡೆಟ್ ಫಂಡಿನಲ್ಲಿ ಹೀಗೆ ಬರೆದುಕೊಡುವವರೇ ಇಲ್ಲ. ಸಾವಿರಾರು ಜನರ ದುಡ್ಡು ಒಟ್ಟುಮಾಡಿ ಸರ್ಕಾರದ ಬಾಂಡು, ಕಂಪನಿಗಳ ಬಾಂಡು ಕೊಳ್ಳುತ್ತಾರೆ. ಆ ರಾಶಿಯಲ್ಲಿ ನಿನ್ನದೂ ಒಂದು ಪಾಲು. ಅದರ ಅವತ್ತಿನ ಬೆಲೆಗೆ ಎನ್‌ಎವಿ ಅನ್ನುತ್ತಾರೆ. ಮಂಡಿಯ ಧಾರಣೆ ಇದ್ದ ಹಾಗೆ, ದಿನಾ ಬದಲಾಗುತ್ತದೆ. ಲಾಭ ಬಂದರೆ ಅವರ ಖರ್ಚು ಕಳೆದು ನಿನಗೆ, ನಷ್ಟ ಬಂದರೂ ನಿನಗೇ.

"ಬಾಂಡಿಗೂ ನಿಗದಿ ಬಡ್ಡಿಯೇ ತಾನೆ, ಬೆಲೆ ಯಾಕೆ ಏರಿಳಿಯಬೇಕು?" ಎಂದು ಕೇಳಿದೆಯಲ್ಲ, ಅದು ಒಳ್ಳೇ ಪ್ರಶ್ನೆ. ನಿನ್ನ ಹತ್ತಿರ ಶೇ. 7 ಬಡ್ಡಿಯ, 100 ರೂಪಾಯಿಯ ಬಾಂಡು ಇದೆ ಅಂದುಕೋ, ಇನ್ನೂ 10 ವರ್ಷದ್ದು. ಪೇಟೆಯಲ್ಲಿ ಈಗ ಅಂಥದೇ ಹೊಸ ಬಾಂಡಿಗೆ ಶೇ. 8 ಸಿಗುತ್ತಿದೆ. ನಿನ್ನದನ್ನು 100ಕ್ಕೆ ಯಾರು ತಗೊಳ್ಳುತ್ತಾರೆ? ಸುಮಾರು 93ಕ್ಕೆ ಇಳಿಸಿದರೆ ತಗೊಂಡಾರು. ಒಂದೇ ವರ್ಷ ಬಾಕಿಯಿರುವ ಬಾಂಡಾದರೆ 99ಕ್ಕೆ ಹೋಗುತ್ತದೆ. ಬಡ್ಡಿ ದರ ಇಳಿದಾಗ ಇದೇ ಲೆಕ್ಕ ತಿರುಗಿ ಬೆಲೆ ಏರುತ್ತದೆ. ಅಂದರೆ ಫಂಡಿನೊಳಗಿನ ಬಾಂಡುಗಳ ಅವಧಿ ಉದ್ದವಾದಷ್ಟೂ ಏರಿಳಿತ ಜೋರು. ಆ ಹುಡುಗ ತೋರಿಸಿದ ಕಳೆದ ವರ್ಷದ ಲಾಭದಲ್ಲಿ ಬಡ್ಡಿ ಎಷ್ಟು, ಹೀಗೆ ಬೆಲೆ ಏರಿದ್ದರಿಂದ ಬಂದದ್ದೆಷ್ಟು ಎಂದು ಕೇಳಿ ನೋಡು. ಅದೇ ಲಾಭ ಮುಂದಿನ ವರ್ಷವೂ ಬರಬೇಕೆಂದಿಲ್ಲ.

ಇನ್ನೊಂದು ಅಪಾಯ, ಸಾಲ ತಗೊಂಡ ಕಂಪನಿಯೇ ಕೈಯೆತ್ತುವುದು. 2018ರಲ್ಲಿ ಐಎಲ್ ಆ್ಯಂಡ್ ಎಫ್‌ಎಸ್ ಸಾಲ ತೀರಿಸಲಾಗದೆ ಕೂತಾಗ ಅದರ ಬಾಂಡು ಇಟ್ಟುಕೊಂಡಿದ್ದ ಫಂಡುಗಳ ಎನ್‌ಎವಿ ಕುಸಿಯಿತು. 2020ರ ಏಪ್ರಿಲ್ 23ರಂದು ಫ್ರಾಂಕ್ಲಿನ್ ಟೆಂಪಲ್ಟನ್ ಆರು ಡೆಟ್ ಫಂಡುಗಳನ್ನು ಒಟ್ಟಿಗೆ ಮುಚ್ಚುವುದಾಗಿ ಹೇಳಿತು. ಜನರಿಗೆ ದುಡ್ಡು ಆಮೇಲೆ ಕಂತು ಕಂತಾಗಿ ಬಂತು, ನಿಜ. ಆದರೆ ಅಮ್ಮನ ಮಂಡಿ ಆಪರೇಷನ್ನಿನ ದಿನ ಕಂತಿಗೆ ಕಾಯಲು ಆಗುತ್ತದಾ?

ಹಾಗಂತ ಎಫ್‌ಡಿ ಎಂದರೆ ಕಲ್ಲಿನ ಗೋಡೆ ಅಂತಲೂ ತಿಳಿಯಬೇಡ. 2020ರ ಜನವರಿಯಲ್ಲಿ ಬಸವನಗುಡಿಯ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನಲ್ಲಿ 35,000ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕು ಕಟ್ಟು ಹಾಕಿತಲ್ಲ, ಅಲ್ಲಿ ಇಟ್ಟಿದ್ದವರಲ್ಲಿ ನಿನ್ನಂಥ ನಿವೃತ್ತರೇ ಬಹಳ. ಬ್ಯಾಂಕು ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವುದು ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಒಟ್ಟು 5 ಲಕ್ಷದವರೆಗೆ. ಅಸಲು, ಬಡ್ಡಿ, ಎಲ್ಲ ಶಾಖೆಗಳದ್ದೂ ಸೇರಿ. ನಿನ್ನ 12 ಲಕ್ಷ ಒಂದೇ ಕಡೆ ಇರುವುದರಿಂದ 7 ಲಕ್ಷಕ್ಕೆ ವಿಮೆಯ ನೆರಳಿಲ್ಲ. ಮ್ಯೂಚುವಲ್ ಫಂಡಿಗಂತೂ ಇಂಥ ವಿಮೆಯೇ ಇಲ್ಲ. ಪೇಟೆಯ ಆ ಸೌಹಾರ್ದ ಸೊಸೈಟಿಗೂ ಇಲ್ಲ, ಅದಕ್ಕೆ ಬ್ಯಾಂಕಿನ ಪರವಾನಗಿ ಇಲ್ಲ. ಪರಿಚಯದವರೇ ಡೈರೆಕ್ಟರು ಅಂತ ಅಲ್ಲಿಗೆ ಹೋಗಬೇಡ.

ಈಗ ತೆರಿಗೆ. "ಫಂಡಿನಲ್ಲಿ ಟ್ಯಾಕ್ಸ್ ಉಳಿಯುತ್ತೆ" ಎಂಬ ಮಾತು ಹಳೆಯದು. ಮೂರು ವರ್ಷ ಇಟ್ಟರೆ ತೆರಿಗೆ ಕಡಿಮೆ ಎಂಬ ಸವಲತ್ತು 2023ರ ಏಪ್ರಿಲ್ 1ರಿಂದ ಕೊಂಡ ಡೆಟ್ ಫಂಡುಗಳಿಗೆ ಇಲ್ಲ. ಬಂದ ಲಾಭ ನಿನ್ನ ಆದಾಯಕ್ಕೇ ಸೇರುತ್ತದೆ, ಎಫ್‌ಡಿ ಬಡ್ಡಿಯ ಹಾಗೆ. ಒಂದೇ ವ್ಯತ್ಯಾಸ: ಎಫ್‌ಡಿ ಬಡ್ಡಿಯನ್ನು ವರ್ಷ ವರ್ಷವೂ ತೋರಿಸಬೇಕು, ಫಂಡಿನ ಲಾಭವನ್ನು ಮಾರಿದ ವರ್ಷ ತೋರಿಸಿದರಾಯಿತು. ಶೇ. 30 ತೆರಿಗೆ ಕಟ್ಟುವ ನನ್ನಂಥವಳಿಗೆ ಅದು ಉಪಯೋಗವೇ. ನಿನ್ನ ಪೆನ್ಷನ್ ವರ್ಷಕ್ಕೆ 4.56 ಲಕ್ಷ. ಈ 12 ಲಕ್ಷಕ್ಕೆ ಶೇ. 7ರಂತೆ 84,000 ಬಡ್ಡಿ ಸೇರಿಸಿದರೂ 5.40 ಲಕ್ಷ. ಹೊಸ ಪದ್ಧತಿಯಲ್ಲಿ ಈ ವರ್ಷ 12 ಲಕ್ಷದವರೆಗೆ ತೆರಿಗೆಯೇ ಬರುವುದಿಲ್ಲ. ಇಲ್ಲದ ತೆರಿಗೆಯನ್ನು ಉಳಿಸುವುದು ಹೇಗೆ?

ದುಡ್ಡು ಬೇಕೆಂದಾಗ ತೆಗೆಯುವುದರಲ್ಲಿ ಮಾತ್ರ ಫಂಡೇ ಮೇಲು, ಒಪ್ಪುತ್ತೇನೆ. ಎಫ್‌ಡಿ ಮಧ್ಯದಲ್ಲಿ ಮುರಿದರೆ ಬಡ್ಡಿಯಲ್ಲಿ ಅರ್ಧದಿಂದ ಒಂದು ಪರ್ಸೆಂಟ್ ಸಾಮಾನ್ಯವಾಗಿ ಹಿಡಿಯುತ್ತಾರೆ. ಫಂಡಿನಲ್ಲಿ ಬೇಕಾದಷ್ಟೇ ಮಾರಬಹುದು, ಒಂದೆರಡು ಕೆಲಸದ ದಿನಗಳಲ್ಲಿ ಖಾತೆಗೆ ಬರುತ್ತದೆ. ಅದಕ್ಕೇ ಬೇಕಾದರೆ 1 ಲಕ್ಷ ಲಿಕ್ವಿಡ್ ಫಂಡಿಗೆ ಹಾಕೋಣ. 91 ದಿನದೊಳಗೆ ಮುಗಿಯುವ ಸಾಲಪತ್ರಗಳನ್ನೇ ಅವರು ಕೊಳ್ಳುವುದರಿಂದ ಏರಿಳಿತ ತೀರಾ ಕಡಿಮೆ. ಆದರೆ "ಡೈರೆಕ್ಟ್" ಪ್ಲಾನಿನಲ್ಲಿ ನಾನೇ ಮಾಡಿಕೊಡುತ್ತೇನೆ. ಬ್ಯಾಂಕಿನ ಮೂಲಕ ಹೋದರೆ "ರೆಗ್ಯುಲರ್" ಪ್ಲಾನು, ವರ್ಷಾ ವರ್ಷ ಅವರ ಕಮಿಷನ್ ನಿನ್ನ ದುಡ್ಡಿನಿಂದಲೇ ಹೋಗುತ್ತದೆ. ಹುಡುಗನ ಮೇಲೆ ಬೇಸರ ಬೇಡ, ಅವನಿಗೂ ಟಾರ್ಗೆಟ್ ಇರುತ್ತದೆ.

ಉಳಿದ 11 ಲಕ್ಷ? ನನಗೆ ನಗು ಬಂದದ್ದು ಇಲ್ಲಿ. ಊರಿಗೆಲ್ಲ ಹಿರಿಯ ನಾಗರಿಕರ ಉಳಿತಾಯ ಯೋಜನೆ ಮಾಡಿಸಿಕೊಟ್ಟ ಪೋಸ್ಟ್ ಮಾಸ್ತರು, ಅದರ ಮಿತಿ 2023ರಲ್ಲಿ 15ರಿಂದ 30 ಲಕ್ಷಕ್ಕೆ ಏರಿದ್ದನ್ನು ಮರೆತು ಕೂತಿದ್ದೀಯ! ನಿನ್ನ ಹೆಸರಲ್ಲಿ ಇನ್ನೂ ಒಂದು ರೂಪಾಯಿಯೂ ಇಲ್ಲ. ಈಗ ಶೇ. 8.2, ಮೂರು ತಿಂಗಳಿಗೊಮ್ಮೆ ಬಡ್ಡಿ ಕೈಗೆ, ಹಿಂದೆ ಸರ್ಕಾರವೇ ಇದೆ. ಅವಧಿ ಐದು ವರ್ಷ, ಮೊದಲೇ ಮುರಿದರೆ ಕಡಿತ ಉಂಟು. ಅದಕ್ಕೆ 7 ಲಕ್ಷ ಅಲ್ಲಿಗೆ, 4 ಲಕ್ಷ ಮತ್ತೆ ಎಫ್‌ಡಿಗೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುವ ಹಾಗೆ. ಆಗ 5 ಲಕ್ಷದ ವಿಮೆಯೊಳಗೇ ಇರುತ್ತದೆ.

ನಾನು 28ನೇ ತಾರೀಕು ಶುಕ್ರವಾರ ರಾತ್ರಿ ಬಸ್ಸಿಗೆ ಹೊರಟು ಬರುತ್ತೇನೆ. ಅಲ್ಲಿವರೆಗೆ ಯಾವ ಫಾರಮ್ಮಿಗೂ ಸಹಿ ಬೇಡ. ಎಫ್‌ಡಿ ತನ್ನಷ್ಟಕ್ಕೇ ರಿನ್ಯೂ ಆಗದಂತೆ ಬ್ಯಾಂಕಿಗೆ ಒಂದು ಅರ್ಜಿ ಮಾತ್ರ ಕೊಟ್ಟಿರು, ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ.

ಅಮ್ಮನಿಗೆ ನಮಸ್ಕಾರ.

ನಿನ್ನ ಮಗಳು
ವಿದ್ಯಾ

ಮ.ಬ.: ಇದು ನವೆಂಬರ್. ಪೆನ್ಷನ್ನಿನ ಲೈಫ್ ಸರ್ಟಿಫಿಕೇಟ್ ಕೊಟ್ಟಾಯಿತಾ?